ರಾತ್ರಿ ಹಂಚಿದ ತೆಂಗಿನಕಾಯಿ: ಉಳಿದ ಒಂದು ಎಷ್ಟಕ್ಕೆ ಸಮ?

ಅಭ್ಯಾಸ ಬೋಧನೆಗೆ ನನಗೆ ಚಿಕ್ಕಬಳ್ಳಾಪುರದ ಒಂದು ಪ್ರೌಢಶಾಲೆಯ 8ನೇ ತರಗತಿ ಸಿಕ್ಕಿತ್ತು. ಘಟಕ ಒಂದು ಚರಾಕ್ಷರವುಳ್ಳ ರೇಖಾತ್ಮಕ ಸಮೀಕರಣಗಳು. ಬರೆದುಕೊಟ್ಟ ಸಮೀಕರಣವನ್ನು ಮಕ್ಕಳು ಬಿಡಿಸುತ್ತಿದ್ದರು. ಕಥೆ ಕೇಳಿ ತಾವೇ ಸಮೀಕರಣ ಬರೆಯಲು ತಡವರಿಸುತ್ತಿದ್ದರು. ಅದಕ್ಕಾಗಿ ಒಂದು ಹಳೆಯ ಬಗೆಯ ಲೆಕ್ಕವನ್ನು ನಮ್ಮ ಜಿಲ್ಲೆಯ ಊರುಗಳಿಗೆ ತಂದು ಎರಡು ಅವಧಿಗಳ ಪಾಠ ಮಾಡಿದೆ. ಅದರ ವರದಿ ಇದು. ಇದರಲ್ಲಿ ನನ್ನ ಒಂದು ತಪ್ಪೂ ಸೇರಿದೆ.

ಕಥೆ

ಗೌರಿಬಿದನೂರಿನ ಒಬ್ಬ ವ್ಯಾಪಾರಿ ಮತ್ತು ಚಿಂತಾಮಣಿಯ ಒಬ್ಬ ವ್ಯಾಪಾರಿ ಸಮಪಾಲಿನಲ್ಲಿ ತೆಂಗಿನಕಾಯಿ ಕೊಂಡು ಶಿಡ್ಲಘಟ್ಟದ ಸಂತೆಗೆ ತಂದರು. ಕತ್ತಲಾಗಿತ್ತು. ಕಾಯಿಗಳನ್ನು ರಾಶಿ ಹಾಕಿ, ಬೆಳಿಗ್ಗೆ ಹಂಚಿಕೊಳ್ಳೋಣ ಎಂದು ಮಲಗಿದರು. ನಡುರಾತ್ರಿ ಗೌರಿಬಿದನೂರಿನವನು ಎದ್ದು ರಾಶಿಯನ್ನು ಎರಡು ಸಮಭಾಗ ಮಾಡಿದ. ಒಂದು ಕಾಯಿ ಉಳಿಯಿತು. ಉಳಿದದ್ದನ್ನು ಗಣೇಶನ ಗುಡಿಯ ಮುಂದೆ ಈಡುಗಾಯಿ ಒಡೆದು, ತನ್ನ ಅರ್ಧವನ್ನು ಬಚ್ಚಿಟ್ಟು ಮಲಗಿದ.

ಇಷ್ಟು ಹೇಳುವಷ್ಟರಲ್ಲಿ ಒಬ್ಬ ಹುಡುಗ ಎದ್ದುನಿಂತ. "ಮಿಸ್, ಈಡುಗಾಯಿ ಒಡೆದ ಸದ್ದಿಗೆ ಇನ್ನೊಬ್ಬ ಏಳಲ್ವಾ?"

ತರಗತಿಯೆಲ್ಲ ನಕ್ಕಿತು. ಪ್ರಶ್ನೆ ಸರಿಯಾಗಿಯೇ ಇತ್ತು. ಉಳಿದ ಕಾಯಿಯನ್ನು ಬಾಯಿ ಮುಚ್ಚಿಕೊಂಡಿರಲಿ ಎಂದು ಸಂತೆಯ ಕಾವಲುಗಾರನಿಗೆ ಕೊಟ್ಟ ಎಂದು ಅಲ್ಲಿಯೇ ತಿದ್ದಿದೆ. ಸ್ವಲ್ಪ ಹೊತ್ತಿಗೆ ಚಿಂತಾಮಣಿಯವನು ಎದ್ದ. ಇದ್ದ ರಾಶಿಯನ್ನು ಎರಡು ಭಾಗ ಮಾಡಿದ, ಉಳಿದ ಒಂದನ್ನು ಕಾವಲುಗಾರನಿಗೆ ಕೊಟ್ಟ, ತನ್ನ ಅರ್ಧ ಬಚ್ಚಿಟ್ಟು ಮಲಗಿದ. ಬೆಳಿಗ್ಗೆ ಇಬ್ಬರೂ ಏನೂ ಗೊತ್ತಿಲ್ಲದವರಂತೆ ಉಳಿದ ರಾಶಿಯನ್ನು ಸಮನಾಗಿ ಹಂಚಿಕೊಂಡರು. ಆಗಲೂ ಒಂದು ಉಳಿದು ಕಾವಲುಗಾರನ ಪಾಲಾಯಿತು. ಮೊದಲು ರಾಶಿಯಲ್ಲಿ ಕನಿಷ್ಠ ಎಷ್ಟು ಕಾಯಿಗಳಿದ್ದವು?

ಹುಣಸೆಬೀಜದಲ್ಲಿ ಪ್ರಯೋಗ

ನಾಲ್ಕು ಮಕ್ಕಳ ಗುಂಪಿಗೆ ಇಪ್ಪತ್ತು ಹುಣಸೆಬೀಜ ಕೊಟ್ಟು, ಒಂದೊಂದು ಗುಂಪಿಗೆ ಒಂದೊಂದು ಸಂಖ್ಯೆ ಹೇಳಿದೆ. 9 ಬೀಜದ ಗುಂಪು ಮೊದಲ ಹಂಚಿಕೆ ಮಾಡಿತು, 4 ಉಳಿಯಿತು. ಅದನ್ನು ಹಂಚಿದರೆ ಶೇಷವೇ ಇಲ್ಲ, ಕಥೆ ಅಲ್ಲಿಗೆ ನಿಂತಿತು. 11ರ ಗುಂಪು ಎರಡು ಹಂಚಿಕೆ ದಾಟಿ 2ಕ್ಕೆ ಬಂದು ಬೆಳಿಗ್ಗೆ ಸಿಕ್ಕಿಬಿತ್ತು. 15ರ ಗುಂಪು ಮಾತ್ರ 15, 7, 3 ಎಂದು ಇಳಿದು, ಕೊನೆಗೆ ತಲಾ ಒಂದು ಕೊಟ್ಟು ಒಂದನ್ನು ಉಳಿಸಿತು.

ಆಗ ಹಿಂದಿನ ಸಾಲಿನ ಒಬ್ಬಳು ಹುಡುಗಿ "7 ಕೂಡ ಆಗುತ್ತೆ ಮಿಸ್" ಎಂದಳು. ಬೆಳಿಗ್ಗೆ ಯಾರಿಗೂ ಏನೂ ಸಿಗುವುದಿಲ್ಲವಲ್ಲ ಎಂದು ನಾನು ಹಲಗೆಯ ಮೇಲಿನ 7ಕ್ಕೆ ತಪ್ಪು ಗುರುತು ಹಾಕಿ ಮುಂದೆ ಹೋದೆ. ಅವಳು ಕುಳಿತುಕೊಂಡಳು, ಆ ಅವಧಿಯಲ್ಲಿ ಮತ್ತೆ ಮಾತಾಡಲಿಲ್ಲ.

ಹಿಂದಿನಿಂದ ಮುಂದಕ್ಕೆ

ಬೆಳಿಗ್ಗೆ ಒಬ್ಬೊಬ್ಬರಿಗೆ ಸಿಕ್ಕಿದ ಕಾಯಿಗಳು n ಎಂದಿಟ್ಟುಕೊಂಡು ಕಥೆಯನ್ನು ಕೊನೆಯಿಂದ ನಡೆಸಿದೆವು. ಬೆಳಗಿನ ರಾಶಿ 2n + 1. ಇದು ಚಿಂತಾಮಣಿಯವನು ಬಿಟ್ಟುಹೋದ ಅರ್ಧ. ಅವನು ಎದ್ದಾಗ ಇದ್ದ ರಾಶಿ 2(2n + 1) + 1, ಅಂದರೆ 4n + 3. ಇದು ಗೌರಿಬಿದನೂರಿನವನು ಬಿಟ್ಟ ಅರ್ಧ. ಮೊದಲ ರಾಶಿ 2(4n + 3) + 1, ಅಂದರೆ

8n + 7

ಇಲ್ಲಿ ಎರಡು ತಪ್ಪುಗಳು ಪುಸ್ತಕದಿಂದ ಪುಸ್ತಕಕ್ಕೆ ಕಾಣಿಸಿದವು. ಕೆಲವರು ಮೊದಲು ಒಂದು ಕೂಡಿಸಿ ಆಮೇಲೆ ಎರಡರಿಂದ ಗುಣಿಸಿದ್ದರು: 3ರಿಂದ 8, 8ರಿಂದ 18. ಇದನ್ನು ಹಿಡಿಯುವುದು ಸುಲಭ. ಹಂಚುವ ಮುಂಚಿನ ಪ್ರತಿ ರಾಶಿಯೂ ಬೆಸಸಂಖ್ಯೆ ಆಗಿರಬೇಕು, 18 ಸಮಸಂಖ್ಯೆ.

ಎರಡನೆಯ ತಪ್ಪು ಆಳದ್ದು. "ಮೂರು ಸಲ ಎರಡರಿಂದ ಭಾಗಿಸಿದೆವು, ಶೇಷ ಒಂದು. ಆದ್ದರಿಂದ 8 + 1 = 9" ಎಂದು ಹಲವರು ಬರೆದಿದ್ದರು. 9 ಬೀಜ ಆಗಲೇ ಸೋತಿದ್ದನ್ನು ಕಂಡವರೂ ಹೀಗೇ ಬರೆದರು. 'ಒಂದು ಉಳಿಯಿತು' ಎಂಬ ಮಾತು ಮೂರು ಸಲ ಬಂದರೂ ಆ ಮೂರು ಒಂದುಗಳು ಸಮನಲ್ಲ ಎಂಬುದು ಅವರಿಗೆ ಕಂಡಿರಲಿಲ್ಲ. ಅದನ್ನು ಎತ್ತಿ ತೋರಿಸಬೇಕೆಂಬುದು ನನ್ನ ಪಾಠಯೋಜನೆಯಲ್ಲೂ ಇರಲಿಲ್ಲ.

ಎರಡನೆಯ ಅವಧಿ

ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "7 ಏಕೆ ತಪ್ಪು?" ರಾತ್ರಿ ಕುಳಿತು ನೋಡಿದೆ. 8n + 7ರಲ್ಲಿ n ಸೊನ್ನೆಯಾದರೆ 7. ಬೆಳಿಗ್ಗೆ ಒಂದೇ ಕಾಯಿ ಇರುತ್ತದೆ. ಇಬ್ಬರಿಗೂ ಸೊನ್ನೆ, ಶೇಷ ಒಂದು. ಬೆಳಿಗ್ಗೆ ಇಬ್ಬರಿಗೂ ಕನಿಷ್ಠ ಒಂದು ಸಿಗಲೇಬೇಕು ಎಂಬ ನಿಬಂಧನೆ ನನ್ನ ಮನಸ್ಸಿನಲ್ಲಿತ್ತೇ ಹೊರತು ಕಥೆಯಲ್ಲಿ ಇರಲಿಲ್ಲ. ನಾನು ಕೇಳಿದ ಪ್ರಶ್ನೆಗೆ ಅವಳ ಉತ್ತರವೇ ಸರಿ.

ಮರುದಿನ ಮೊದಲಿಗೆ ಅದನ್ನೇ ಹೇಳಿ, ಆ ಹುಡುಗಿಯನ್ನು ಕರೆದು 7 ಬೀಜಗಳಲ್ಲಿ ಕಥೆ ನಡೆಸಲು ಹೇಳಿದೆ. ಅವಳು ಕಾವಲುಗಾರನ ಬೀಜಗಳನ್ನು ಬೇರೆಯಾಗಿ ಸಾಲಾಗಿ ಇಟ್ಟಳು. ಆ ಸಾಲಿನಿಂದಲೇ ನನಗೆ ದಾರಿ ಸಿಕ್ಕಿತು. ಮೊದಲ ಶೇಷ ಪೂರ್ಣ ರಾಶಿಯಿಂದ ಬಂದದ್ದು. ಅದು ಒಂದು ಕಾಯಿಯ ಲೆಕ್ಕವೇ. ಎರಡನೆಯದು ಅರ್ಧರಾಶಿಯಿಂದ ಬಂದದ್ದು. ಆ ಅರ್ಧದಲ್ಲಿ ಒಂದು ಕಾಯಿ ಇರಬೇಕಾದರೆ ಮೊದಲ ರಾಶಿಯಲ್ಲಿ ಅದಕ್ಕಾಗಿ ಎರಡು ಕಾಯಿ ಇರಬೇಕು. ಮೂರನೆಯದಕ್ಕೆ ನಾಲ್ಕು. ಆದ್ದರಿಂದ ಒಟ್ಟು ಶೇಷ 1 + 2 + 4 = 7, ಒಂದಲ್ಲ. 9 ಬರೆದವರು ತಾವೇ ಅದನ್ನು ಅಳಿಸಿದರು.

ಪರೀಕ್ಷೆಗಾಗಿ "ರಾಶಿಯಲ್ಲಿ ಐವತ್ತಕ್ಕಿಂತ ಹೆಚ್ಚು, ಅರವತ್ತಕ್ಕಿಂತ ಕಡಿಮೆ ಕಾಯಿಗಳಿದ್ದವು" ಎಂದು ಕೊಟ್ಟೆ. 8 × 6 + 7 = 55 ಎಂದು ಬರೆದು, 55, 27, 13, ಕೊನೆಗೆ ತಲಾ 6 ಎಂದು ತಾಳೆ ನೋಡಿದರು.

ಕೊನೆಯಲ್ಲಿ ಕಥೆಯ ಒಂದೇ ಮಾತು ಬದಲಿಸಿದೆ: ಬೆಳಿಗ್ಗೆ ಏನೂ ಉಳಿಯಲಿಲ್ಲ. ನಾಲ್ಕರ ಶೇಷ ಹೋಗುತ್ತದೆ; 1 + 2 = 3, ರಾಶಿ 8n + 3. ಬೆಳಿಗ್ಗೆ ತಲಾ ಒಂದು ಸಿಕ್ಕರೆ 11. ಇದೇ ಲೆಕ್ಕ ಕನ್ನಡನಾಡಿನಲ್ಲಿ 9ನೇ ಶತಮಾನದಲ್ಲೇ ಇತ್ತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ದಲ್ಲಿ ತೆಂಗಿನಕಾಯಿಯ ಬದಲು ಮಾವಿನಹಣ್ಣು, ವ್ಯಾಪಾರಿಗಳ ಬದಲು ಅಣ್ಣತಮ್ಮಂದಿರು. ತಂದೆ ತಂದ ಹಣ್ಣುಗಳಲ್ಲಿ ದೊಡ್ಡವನು ಮೊದಲು ಒಂದನ್ನು ತೆಗೆದುಕೊಂಡು ಉಳಿದದ್ದರಲ್ಲಿ ಅರ್ಧ ತೆಗೆದುಕೊಳ್ಳುತ್ತಾನೆ, ಚಿಕ್ಕವನೂ ಹಾಗೆಯೇ ಮಾಡುತ್ತಾನೆ, ಆಮೇಲೆ ಉಳಿದದ್ದು ಇಬ್ಬರಿಗೂ ಸಮ. ಅಲ್ಲಿ ಕಾವಲುಗಾರನಿಲ್ಲ, ಹೆಚ್ಚಿನ ಒಂದು ಹಣ್ಣೂ ತೆಗೆದವನದೇ.

ಸಹಪಾಠಿಗಳಿಗೆ

ಈ ಪಾಠ ಮಾಡುವವರು ಮೂರನ್ನು ಮೊದಲೇ ಬರೆದಿಟ್ಟುಕೊಳ್ಳಿ: ಬೆಳಿಗ್ಗೆ ಶೇಷ ಇದೆಯೇ ಇಲ್ಲವೇ, ಬೆಳಗಿನ ಪಾಲು ಸೊನ್ನೆ ಆಗಬಹುದೇ, ಮತ್ತು ಶೇಷಗಳನ್ನು ಮೇಜಿನ ಮೇಲೆ ಎಲ್ಲಿ ಇಡಬೇಕು. ಶೇಷದ ಬೀಜಗಳನ್ನು ಡಬ್ಬಿಗೆ ಹಾಕಿಸಬೇಡಿ. ಮೊದಲ ತರಗತಿಯಲ್ಲಿ ನಾನು ಹಾಗೆ ಮಾಡಿಸಿದ್ದೆ, ಡಬ್ಬಿಯೊಳಗೆ ಮೂರೂ ಒಂದೇ ಆಗಿಬಿಟ್ಟವು. ಬಂದ ಸರದಿಯಲ್ಲಿ ಸಾಲಾಗಿ ಇಡಿಸಿದರೆ ಪ್ರತಿಯೊಂದರ ಕೆಳಗೆ 1, 2, 4 ಎಂದು ಮಕ್ಕಳೇ ಬರೆಯುತ್ತಾರೆ.

ಗಂಟೆ ಹೊಡೆದ ಮೇಲೆ ಆ ಹುಡುಗಿ 15ರ ಲೆಕ್ಕವನ್ನು ಪುಸ್ತಕದಲ್ಲಿ ತೋರಿಸಿದಳು. ಗೌರಿಬಿದನೂರಿನವನಿಗೆ 8, ಚಿಂತಾಮಣಿಯವನಿಗೆ 4, ಕಾವಲುಗಾರನಿಗೆ 3. ಕೆಳಗೆ ಬರೆದಿದ್ದಳು: "ಇಬ್ಬರೂ ಕದ್ದರು. ಆದರೆ ಮೊದಲು ಎದ್ದವನಿಗೇ ಲಾಭ."