ಎಗ್ಗೋ, ಯೆಗ್ಗೋ? ಒಂದು ಪೀರಿಯಡ್ಡಿನ ಪಾಠ

ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿನ ಹುಡುಗನೊಬ್ಬನಿಗೆ ‘ಸುರೇಶ್’ ಅನ್ನೋದರ ಇಂಗ್ಲಿಷ್ ಸ್ಪೆಲ್ಲಿಂಗ್ ಹೇಳು ಅನ್ನಿ. ಬಹಳ ಸಲ ಅವನು ಶುರು ಮಾಡೋದೇ ‘ಯೆಸ್, ಯು, ಆರ್...’ ಅಂತ. ಫೋನಿನ ಆ ಕಡೆ ಇರುವವರಿಗೆ ಅದು ಅಕ್ಷರವಾಗಿ ಕೇಳಿಸೋದಿಲ್ಲ, ‘ಹೌದು’ ಅಂದಂತೆ ಕೇಳಿಸುತ್ತೆ. ಈ ಒಂದು ತೊಡಕನ್ನು 40 ನಿಮಿಷದ ಪೀರಿಯಡ್ಡಿನಲ್ಲಿ ಹೇಗೆ ಬಿಡಿಸಬಹುದು ಅನ್ನೋದೇ ಈ ಪಾಠ.

ಮೊದಲು ಕಾರಣ ನೋಡೋಣ. ನಾವು ‘ಎಲೆ’ ಅಂತ ಬರೆದರೂ ಮಾತಿನಲ್ಲಿ ಸಾಮಾನ್ಯವಾಗಿ ‘ಯೆಲೆ’ ಅನ್ನುತ್ತೇವೆ. ಒಂದು ‘ವೊಂದು’ ಆಗುತ್ತದೆ, ಎರಡು ‘ಯೆರಡು’ ಆಗುತ್ತದೆ. ಪದದ ಮೊದಲಲ್ಲಿ ಎ, ಏ ಬಂದರೆ ಸಣ್ಣದೊಂದು ಯ್, ಒ, ಓ ಬಂದರೆ ಸಣ್ಣದೊಂದು ವ್ ತಾನಾಗೇ ಸೇರಿಕೊಳ್ಳುತ್ತೆ. ಕನ್ನಡದಲ್ಲಿ ಇದರಿಂದ ಅರ್ಥ ಬದಲಾಗೋದಿಲ್ಲ. ಆದ್ದರಿಂದ ನಮ್ಮ ಕಿವಿಯೂ ಇದನ್ನು ಗಮನಿಸೋದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅರ್ಥವೇ ಬೇರೆಯಾಗುತ್ತೆ: ‘ಎಲ್’ ಒಂದು ಅಕ್ಷರ, ‘ಯೆಲ್’ ಅಂದರೆ ಕಿರುಚು. ‘ಓಕ್’ ಒಂದು ಮರ, ‘ವೋಕ್’ ಅಂದರೆ ಎದ್ದ.

ಹೆಜ್ಜೆ 1: ಕಿವಿ (10 ನಿಮಿಷ). ಮಕ್ಕಳಿಂದ ಆಗಲೇ ಹೇಳಿಸಬೇಡಿ. ಬೋರ್ಡಿನ ಮೇಲೆ 1ರ ಕೆಳಗೆ ಎಸ್, ಎಲ್, ಎನ್ ಅಕ್ಷರಗಳನ್ನೂ, 2ರ ಕೆಳಗೆ ಯೆಸ್, ಯೆಲ್, ಯೆನ್ ಪದಗಳನ್ನೂ ಬರೆಯಿರಿ. ಯೆನ್ ಅಂದರೆ ಜಪಾನಿನ ದುಡ್ಡು. ಪುಸ್ತಕದಿಂದ ಬಾಯಿ ಮರೆಮಾಡಿಕೊಂಡು ಹತ್ತು ಸಲ ಯಾವುದಾದರೂ ಒಂದನ್ನು ಹೇಳಿ. ಮಕ್ಕಳು ಒಂದೋ ಎರಡೋ ಬೆರಳು ಎತ್ತಲಿ. ಹೆಚ್ಚಿನವರಿಗೆ ಎಂಟಾದರೂ ಸರಿ ಬರುವವರೆಗೆ ಮುಂದಕ್ಕೆ ಹೋಗಬೇಡಿ, ಕೇಳಿಸದ ವ್ಯತ್ಯಾಸವನ್ನು ನಾಲಿಗೆ ಮಾಡೋದಿಲ್ಲ. ಅದಕ್ಕೂ ಮುಂಚೆ ನಿಮ್ಮ ‘ಎಸ್’ ಹೇಗಿದೆ ಅಂತ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಕೊಳ್ಳಿ. ನಾವೂ ಕನ್ನಡದವರೇ ತಾನೆ!

ಹೆಜ್ಜೆ 2: ಬಾಯಿ (15 ನಿಮಿಷ). ‘ಯ್ ಬಿಟ್ಟು ಹೇಳು’ ಅಂದರೆ ಮಗುವಿಗೆ ಏನೂ ತಿಳಿಯೋದಿಲ್ಲ. ಆದರೆ ವ್ಯಂಜನದ ನಂತರ ಬರುವ ಎಕಾರವನ್ನು ಆ ಮಗು ಸರಿಯಾಗೇ ಹೇಳುತ್ತೆ, ‘ಲೆಗ್’ ಅನ್ನುವಾಗ ನಡುವೆ ಯ್ ಇರೋದಿಲ್ಲ. ಅಲ್ಲಿಂದ ಶುರು ಮಾಡಿ. ಲೆಗ್, ಲೆಗ್, ಲೆಗ್ ಅನ್ನಿಸಿ. ಆಮೇಲೆ ‘ಲ್’ ಅನ್ನು ಹಿಡಿದು, ಸ್ವಲ್ಪ ತಡೆದು ‘ಲ್... ಎಗ್’ ಅನ್ನಿಸಿ. ಕೊನೆಗೆ ‘ಲ್’ ಅನ್ನು ಮನಸ್ಸಿನಲ್ಲಷ್ಟೇ ಅಂದುಕೊಂಡು ‘ಎಗ್’ ಅಂತ ಹೊರಗೆ ಹೇಳಲಿ. ಇದೇ ರೀತಿ ಬೆಲ್‌ನಿಂದ ಎಲ್, ಟೆನ್‌ನಿಂದ ಎನ್, ಗೋಲ್ಡ್‌ನಿಂದ ಓಲ್ಡ್. ಹೆನ್‌ನಿಂದ ಶುರು ಮಾಡಬೇಡಿ. ಹಕಾರ ಬಿಡುವ ಊರುಗಳಲ್ಲಿ ಅದೇ ‘ಯೆನ್’ ಆಗಿಬಿಡುತ್ತೆ.

ಓಕಾರಕ್ಕೆ ಕನ್ನಡಿ ಸಾಕು. ‘ವೋಲ್ಡ್’ ಅನ್ನುವಾಗ ತುಟಿ ಮೊದಲು ಚಿಕ್ಕದಾಗಿ ಕೂಡಿಕೊಂಡು ಆಮೇಲೆ ತೆರೆಯುತ್ತೆ, ಇಲ್ಲವೆ ಕೆಳತುಟಿ ಮೇಲಿನ ಹಲ್ಲನ್ನು ತಾಗುತ್ತೆ. ‘ಓಲ್ಡ್’ ಅನ್ನುವಾಗ ಇವೆರಡೂ ಆಗಬಾರದು. ಎಕಾರದಲ್ಲಿ ಕನ್ನಡಿ ಅಷ್ಟು ಉಪಯೋಗಕ್ಕೆ ಬರೋದಿಲ್ಲ. ಅಲ್ಲಿ ಮೇಲೇಳೋದು ನಾಲಿಗೆ, ಅದು ಹೊರಗೆ ಕಾಣಿಸೋದಿಲ್ಲ.

ಹೆಜ್ಜೆ 3: ವಾಕ್ಯ (10 ನಿಮಿಷ). ಬಿಡಿ ಪದ ಸರಿಯಾದ ಮಗು ವಾಕ್ಯದಲ್ಲಿ ಮತ್ತೆ ಜಾರುತ್ತೆ. ಇಲ್ಲಿ ಇಂಗ್ಲಿಷ್ ವ್ಯಾಕರಣವೇ ನಮಗೆ ಸಹಾಯ ಮಾಡುತ್ತೆ. ಸ್ವರದಿಂದ ಶುರುವಾಗುವ ಪದದ ಹಿಂದೆ ‘ಆನ್’ ಬರುತ್ತದಲ್ಲ, ಅದರ ನಕಾರವನ್ನು ಮುಂದಿನ ಸ್ವರಕ್ಕೆ ಅಂಟಿಸಿ: ಅ-ನೆಗ್, ಅ-ನೆಕ್ಸ್‌ರೇ, ಅ-ನೋಲ್ಡ್-ಎಂಜಿನ್. ಕೊನೆಯದನ್ನು ಇನ್ನೂ ಕೂಡಿಸಿದರೆ ‘ಅನೋಲ್ಡೆಂಜಿನ್’. ಹೀಗೆ ಕೂಡಿಸಿ ಹೇಳಿದಾಗ ಯ್, ವ್ ನುಸುಳೋದಕ್ಕೆ ಜಾಗವೇ ಇರೋದಿಲ್ಲ. ‘ಆನ್ ಯಾಕೆ ಬಂತು’ ಅನ್ನೋ ನಿಯಮವೂ ಜೊತೆಗೇ ಅರ್ಥವಾಗುತ್ತೆ. ‘ಯೆಗ್’ ಅನ್ನುವ ಮಗುವಿಗೆ ‘ಎ ಎಗ್’ ಅಂತ ಬರೆಯೋದು ತಪ್ಪು ಅನ್ನಿಸೋದಾದರೂ ಹೇಗೆ?

ಹೆಜ್ಜೆ 4: ಪರೀಕ್ಷೆ (5 ನಿಮಿಷ). ಪ್ರತಿ ಮಗು ತನ್ನ ಪಕ್ಕದವರಿಗೆ ಮೂರು ಪದ ಹೇಳಲಿ, ಅವರು ಕೇಳಿದ್ದನ್ನು ಬರೆಯಲಿ. ಇಲ್ಲೊಂದು ಹೊಸ ತಪ್ಪು ಕಾಣಿಸಬಹುದು: ಯ್ ಬಿಡಬೇಕು ಅಂತ ಕಲಿತ ಮಕ್ಕಳು ಇರಬೇಕಾದ ಕಡೆಯೂ ಬಿಟ್ಟುಬಿಡುತ್ತಾರೆ. ಹಳದಿ ಬಣ್ಣದ ‘ಯೆಲ್ಲೋ’ ನಮ್ಮ ‘ಎಲ್ಲೋ’ ಆಗುತ್ತೆ, ವರ್ಷದ ‘ಯಿಯರ್’ ಕಿವಿಯ ‘ಇಯರ್’ ಆಗುತ್ತೆ. ಹಾಗಾದರೆ ಬೈಯಬೇಡಿ, ಮತ್ತೆ ಹೆಜ್ಜೆ 1ಕ್ಕೆ ಹೋಗಿ ಇಯರ್ ಮತ್ತು ಯಿಯರ್ ಜೋಡಿಯನ್ನು ಕೇಳಿಸಿ. ಇದು ಎಲ್ಲಕ್ಕಿಂತ ಕಷ್ಟದ ಜೋಡಿ, ಅದಕ್ಕೇ ಕೊನೆಗೆ ಇಟ್ಟಿದ್ದು.

ಇನ್ನೊಂದು ಮಾತು. ಇಂಗ್ಲೆಂಡಿನವರ ‘ಓಲ್ಡ್’ನಲ್ಲಿ ಸ್ವರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಾರುತ್ತೆ, ನಮ್ಮ ಓಕಾರ ಜಾರೋದಿಲ್ಲ. ಅದನ್ನು ತಿದ್ದಲು ಹೋಗಬೇಡಿ, ಅದರಿಂದ ಯಾರಿಗೂ ಅರ್ಥ ತಪ್ಪೋದಿಲ್ಲ. ಮನೆಯಲ್ಲಿ ಆಡುವ ‘ಯೆಲೆ’, ‘ವೊಂದು’ ಕೂಡ ತಪ್ಪಲ್ಲ ಅಂತ ಮಕ್ಕಳಿಗೆ ಹೇಳಿ. ಮನೆಗೆಲಸವಾಗಿ ಪ್ರತಿಯೊಬ್ಬರೂ ತಮ್ಮ ಹೆಸರು, ಅಪ್ಪ ಅಮ್ಮನ ಹೆಸರು, ಊರಿನ ಹೆಸರುಗಳ ಸ್ಪೆಲ್ಲಿಂಗನ್ನು ಗಟ್ಟಿಯಾಗಿ ಹೇಳಿಕೊಂಡು ಬರಲಿ. ಎಫ್, ಎಲ್, ಎಂ, ಎನ್, ಎಸ್, ಎಕ್ಸ್, ಈ ಆರು ಅಕ್ಷರ ಬಂದಲ್ಲಿ ಮಾತ್ರ ನೀವು ಕಿವಿಗೊಟ್ಟರೆ ಸಾಕು.