ಗರುಡ ನೀಹಾರಿಕೆಯ ಹಸಿರು ಯಾವ ಹಸಿರು?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಮಕ್ಕಳಿಗೆ ‘ಸೃಷ್ಟಿಯ ಕಂಬಗಳು’ ಚಿತ್ರ ತೋರಿಸಿದರೆ ಮೊದಲು ಬರುವ ಪ್ರಶ್ನೆ ಇದು: “ಸರ, ಇದು ಖರೇ ಬಣ್ಣ ಏನ್ರಿ?” ಬಹಳ ಸರಿಯಾದ ಪ್ರಶ್ನೆ. ಮಣ್ಣಿನ ನಕ್ಷೆಯಲ್ಲಿ ಯರಿ ಭೂಮಿಗೆ ಹಸಿರು ಹಚ್ಚಿದ್ದರೆ ಅಲ್ಲಿನ ಮಣ್ಣೇ ಹಸಿರು ಎಂದು ನಮ್ಮ ರೈತರು ತಿಳಿಯುವುದಿಲ್ಲ, ಮೂಲೆಯಲ್ಲಿರುವ ಬಣ್ಣಸೂಚಿ ನೋಡುತ್ತಾರೆ. ನೀಹಾರಿಕೆಯ ಚಿತ್ರವನ್ನೂ ಹಾಗೆಯೇ ಓದಬೇಕು.

ಹಂತ 1: ಸೂಚಿ ಹುಡುಕಿ. ವಾಟ್ಸಾಪ್‌ನಲ್ಲಿ ಬಂದ ಚಿತ್ರದಲ್ಲಿ ಸೂಚಿ ಇರುವುದಿಲ್ಲ, ಮೂಲ ಪುಟಕ್ಕೇ ಹೋಗಿ. ವೆಬ್ ದೂರದರ್ಶಕದ ಚಿತ್ರಗಳಾದರೆ webbtelescope.org ನಲ್ಲಿ `Compass Image` ಎಂಬ ಪ್ರತಿ ಸಿಗುತ್ತದೆ. ಅದರ ಕೆಳಗೆ ಫಿಲ್ಟರ್‌ಗಳ ಹೆಸರು ಸಾಲಾಗಿದ್ದು, ಪ್ರತಿ ಹೆಸರೂ ತನಗೆ ಕೊಟ್ಟ ಬಣ್ಣದಲ್ಲೇ ಅಚ್ಚಾಗಿರುತ್ತದೆ.

ಹಂತ 2: ಫಿಲ್ಟರ್ ಹೆಸರು ಬಿಡಿಸಿ. ದೂರದರ್ಶಕದ ಕ್ಯಾಮೆರಾ ತೆಗೆಯುವುದು ಕಪ್ಪು-ಬಿಳುಪು ಚಿತ್ರ. ಒಂದೊಂದು ಸಲ ಒಂದೊಂದು ಫಿಲ್ಟರ್ ಇಟ್ಟು, ಬೇರೆ ಬೇರೆ ಬೆಳಕಿನಲ್ಲಿ ತೆಗೆಯುತ್ತಾರೆ. ಹಬಲ್‌ನ `F656N` ಎಂದರೆ 656 ನ್ಯಾನೊಮೀಟರ್ ಸುತ್ತಲಿನ ಬೆಳಕು. ಕೊನೆಯ `N` ಎಂದರೆ ಬಹಳ ಕಿರಿದಾದ ಪಟ್ಟಿ. `W` ಇದ್ದರೆ ಅಗಲ ಪಟ್ಟಿ. ಇಲ್ಲಿ ಒಂದು ಎಚ್ಚರ ಬೇಕು: ವೆಬ್‌ನ `F187N` ಎಂಬುದು 187 ನ್ಯಾನೊಮೀಟರ್ ಅಲ್ಲ, 1.87 ಮೈಕ್ರಾನ್. ಅದು ಅವಕೆಂಪು ಬೆಳಕು, ಕಣ್ಣಿಗೆ ಕಾಣುವುದೇ ಇಲ್ಲ.

ಹಂತ 3: ಬಣ್ಣಕ್ಕೆ ಅನಿಲ ಹೊಂದಿಸಿ. ಗರುಡ ನೀಹಾರಿಕೆಯ ಈ ಕಂಬಗಳನ್ನು ಹಬಲ್ 1995ರಲ್ಲಿ ಮೂರು ಫಿಲ್ಟರ್‌ಗಳಲ್ಲಿ ಸೆರೆಹಿಡಿಯಿತು. `F502N` ಆಮ್ಲಜನಕದ ಬೆಳಕು, ಅದಕ್ಕೆ ನೀಲಿ ಕೊಟ್ಟರು. `F656N` ಜಲಜನಕದ್ದು, ಅದಕ್ಕೆ ಹಸಿರು. `F673N` ಗಂಧಕದ್ದು, ಅದಕ್ಕೆ ಕೆಂಪು. ಅತಿ ಚಿಕ್ಕ ತರಂಗಕ್ಕೆ ನೀಲಿ, ಅತಿ ಉದ್ದದ ತರಂಗಕ್ಕೆ ಕೆಂಪು ಎಂಬ ಕ್ರಮ ಇದರಲ್ಲಿದೆ, ಮನಸ್ಸಿಗೆ ಬಂದಂತೆ ಹಚ್ಚಿದ್ದಲ್ಲ. ಆದರೆ ಜಲಜನಕದ ಈ ಬೆಳಕೂ ಗಂಧಕದ ಬೆಳಕೂ ನಿಜದಲ್ಲಿ ಕೆಂಪೇ. ಎರಡನ್ನೂ ಕೆಂಪಾಗಿಯೇ ಬಿಟ್ಟಿದ್ದರೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ. ಜಲಜನಕಕ್ಕೆ ಹಸಿರು ಬಂದದ್ದು ಅದಕ್ಕೇ.

ಹಂತ 4: ಈಗ ಕಂಬ ಓದಿ. ಚಿತ್ರದ ಮೇಲ್ಗಡೆ, ಚೌಕಟ್ಟಿನ ಆಚೆ, ಅತಿ ಬಿಸಿಯಾದ ಎಳೆಯ ತಾರೆಗಳ ಗುಂಪಿದೆ. ಅವುಗಳ ಅತಿನೇರಳೆ ಬೆಳಕು ಕಂಬಗಳ ಮೇಲೆ ಸುರಿಯುತ್ತಿದೆ. ಆಮ್ಲಜನಕದಿಂದ ಎರಡು ಎಲೆಕ್ಟ್ರಾನ್ ಕಿತ್ತರೆ ಮಾತ್ರ ಅದರ `F502N` ಬೆಳಕು ಬರುತ್ತದೆ, ಅದಕ್ಕೆ ಬಹಳ ಶಕ್ತಿ ಬೇಕು. ಹಾಗಾಗಿ ನೀಲಿ ಕಂಡರೆ ಅದು ತಾರೆಗಳ ಬೆಳಕಿಗೆ ಮೈ ಒಡ್ಡಿದ ತೆರೆದ ಅನಿಲ. ಗಂಧಕಕ್ಕೆ ಒಂದು ಎಲೆಕ್ಟ್ರಾನ್ ಹೋದರೆ ಸಾಕು, ಜಲಜನಕಕ್ಕೆ ಬೇಕಾದುದಕ್ಕಿಂತಲೂ ಕಡಿಮೆ ಶಕ್ತಿಯಲ್ಲಿ ಆಗುತ್ತದೆ. ಆದ್ದರಿಂದ ಕೆಂಪು, ಕಂದು ಛಾಯೆ ಕಂಬದ ದಟ್ಟ ಅನಿಲದ ಅಂಚಿಗೆ ಅಂಟಿಕೊಂಡಿದೆ. ಹಳದಿ ಕಂಡಲ್ಲಿ ಕೆಂಪೂ ಹಸಿರೂ ಕೂಡಿವೆ, ಅಂದರೆ ಗಂಧಕ ಮತ್ತು ಜಲಜನಕ ಎರಡೂ ಬೆಳಗುತ್ತಿವೆ. ನೀಲಿಯಿಂದ ಕಂಬದ ಕಡೆಗೆ ಬೆರಳು ಸರಿಸಿ ನೋಡಿ: ಬೆಳಕಿನ ಏಟು ಕಮ್ಮಿಯಾಗುತ್ತ ಹೋಗುವುದನ್ನು ಬಣ್ಣವೇ ತೋರಿಸುತ್ತದೆ.

ಕಂಬದ ಒಳಗಿನ ಕಪ್ಪನ್ನು ಖಾಲಿ ಜಾಗ ಎಂದುಕೊಳ್ಳಬೇಡಿ. ಅದು ದೂಳು ತುಂಬಿ ಬೆಳಕು ಹೊರಬರದ ಜಾಗ.

ಹಂತ 5: ನೀಹಾರಿಕೆಗೆ ಸೇರದ್ದನ್ನು ಬಿಡಿ. 1995ರ ಚಿತ್ರದ ಒಂದು ಮೂಲೆ ಮೆಟ್ಟಿಲಿನಂತೆ ಕತ್ತರಿಸಿದ ಕಪ್ಪು. ಕ್ಯಾಮೆರಾದ ನಾಲ್ಕು ಸಂವೇದಕಗಳಲ್ಲಿ ಒಂದು ಕಿರಿದಾದ ಜಾಗವನ್ನಷ್ಟೇ ನೋಡುತ್ತಿತ್ತು, ಅದರ ಗುರುತು ಅದು. ಅಲ್ಲಲ್ಲಿ ಗುಲಾಬಿ ಬಣ್ಣದ ತಾರೆಗಳಿವೆ. ಜಲಜನಕದ ಬೆಳಕು ಮಿಕ್ಕೆರಡಕ್ಕಿಂತ ಬಹಳ ಪ್ರಖರವಾದ್ದರಿಂದ ಹಸಿರನ್ನು ತಗ್ಗಿಸಿ ಸಮ ಮಾಡುತ್ತಾರೆ. ಆಗ ತಾರೆಗಳಲ್ಲಿ ಹಸಿರು ಕಮ್ಮಿಯಾಗಿ ಕೆಂಪು-ನೀಲಿ ಉಳಿದು ಗುಲಾಬಿಯಾಗುತ್ತವೆ. ಅದು ತಾರೆಯ ನಿಜ ಬಣ್ಣವಲ್ಲ.

ಹಂತ 6: ಎರಡನೆಯ ಚಿತ್ರ ಪಕ್ಕಕ್ಕಿಡಿ. ಅದೇ ಕಂಬಗಳ ವೆಬ್ ಚಿತ್ರ 2022ರ ಅಕ್ಟೋಬರ್‌ನಲ್ಲಿ ಬಂತು. ಅದರಲ್ಲಿ ಜಲಜನಕ ತೋರಿಸುವ `F187N` ಗೆ ಕೊಟ್ಟ ಬಣ್ಣ ನೀಲಿ. ಹಬಲ್‌ನಲ್ಲಿ ಹಸಿರಾಗಿದ್ದ ಅನಿಲ ಇಲ್ಲಿ ನೀಲಿ! ಹಬಲ್‌ನ ಸೂಚಿ ಹಿಡಿದು ವೆಬ್ ಚಿತ್ರ ಓದುವುದೇ ಹೊಸಬರು ಹೆಚ್ಚಾಗಿ ಮಾಡುವ ತಪ್ಪು. ಅವಕೆಂಪು ಬೆಳಕು ದೂಳನ್ನು ದಾಟಿ ಬರುವುದರಿಂದ ಇಲ್ಲಿ ಕಂಬಗಳು ಅರೆಪಾರದರ್ಶಕವಾಗಿವೆ. ಅಂಚಿನಲ್ಲಿ ಹೊಳೆಯುವ ಕೆಂಪು ಚುಕ್ಕೆಗಳು ಈಗಷ್ಟೇ ಹುಟ್ಟಿದ ತಾರೆಗಳು.

ಇನ್ನು ಈ ನೀಹಾರಿಕೆಯನ್ನು ನೀವೇ ಹುಡುಕಬೇಕೆಂದರೆ, ಮೇ ಕೊನೆಯ ವಾರ, ಮಳೆಗಾಲಕ್ಕೆ ಮೊದಲು, ರಾತ್ರಿ 2 ಗಂಟೆಯ ಹೊತ್ತಿಗೆ ಊರ ದೀಪದಿಂದ ದೂರ ಹೊಲದಲ್ಲಿ ನಿಂತು ದಕ್ಷಿಣಕ್ಕೆ ಬೈನಾಕ್ಯುಲರ್ ಹಿಡಿಯಿರಿ. ಧನು ರಾಶಿಯ ಮೇಲ್ಗಡೆ ಗರುಡ ನೀಹಾರಿಕೆಯ ತಾರಾಗುಚ್ಛ ಮಸುಕಾಗಿ ಸಿಗುತ್ತದೆ. ಕಂಬಗಳೂ ಕಾಣುವುದಿಲ್ಲ, ಬಣ್ಣವೂ ಕಾಣುವುದಿಲ್ಲ. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗುರುತಿಸಲು ಆಗದು.