ಟ್ರ್ಯಾಕ್ಟರ್ ಬಾಡಿಗೆ: 10 ಪರ್ಸೆಂಟ್ ಕೆಲಸ ಕಡಿಮೆಯಾದ್ರೆ ಲಾಭ 40 ಪರ್ಸೆಂಟ್ ಯಾಕೆ ಬೀಳುತ್ತೆ?

ಸಾಲ ಮಾಡಿ ಟ್ರ್ಯಾಕ್ಟರ್ ತಗೊಂಡು ಬಾಡಿಗೆಗೆ ಬಿಡೋ ಯೋಚನೆ ಇದ್ರೆ, ಮೊದಲು ಈ ಲೆಕ್ಕ ನೋಡಿ. ನಾನು ಇದನ್ನ ಟ್ರ್ಯಾಕ್ಟರ್ ತಂದ ಮೇಲೆ ಕಲಿತೆ.

ನನ್ನ ಹತ್ರ ಟ್ರ್ಯಾಕ್ಟರ್ ಮತ್ತು ರೋಟವೇಟರ್ ಇದೆ. ಗಂಟೆಗೆ 1,000 ರೂಪಾಯಿ ಬಾಡಿಗೆ. ಡೀಸೆಲ್, ಡ್ರೈವರ್ ಕೂಲಿ, ಗ್ರೀಸ್, ಬ್ಲೇಡ್ ಸವೆತ ಎಲ್ಲಾ ಸೇರಿ ಗಂಟೆಗೆ ಸುಮಾರು 500 ಹೋಗುತ್ತೆ. ಗಾಡಿ ಓಡಿದ್ರೆ ಮಾತ್ರ ಬರೋದರಿಂದ ಇದು ಬದಲಾಗುವ ಖರ್ಚು. ಉಳಿಯೋದು ಗಂಟೆಗೆ 500.

ಇನ್ನೊಂದು ಖರ್ಚಿದೆ. ಬ್ಯಾಂಕಿನ ಕಂತು, ವಿಮೆ, ಶೆಡ್ಡು ಎಲ್ಲಾ ಸೇರಿ ನನಗೆ ವರ್ಷಕ್ಕೆ 3,00,000. ಮಳೆ ಬರಲಿ, ಬಿಡಲಿ, ಗಾಡಿ ನಿಂತೇ ಇರಲಿ, ಇದನ್ನ ಕಟ್ಟಲೇಬೇಕು. ಇದು ಸ್ಥಿರ ಖರ್ಚು. ಲೆಕ್ಕಪತ್ರದವರು ಕಂತಿನ ಅಸಲನ್ನ ಖರ್ಚು ಅನ್ನಲ್ಲ, ಅದರ ಬದಲು ಸವಕಳಿ ಹಾಕ್ತಾರೆ. ಆದರೆ ಜೇಬಿನಿಂದ ಹೋಗೋದು ಕಂತೇ, ಅದಕ್ಕೆ ಇಲ್ಲಿ ಅದನ್ನೇ ಹಿಡಿದಿದ್ದೇನೆ.

3,00,000ವನ್ನ 500ರಿಂದ ಭಾಗಿಸಿ: 600 ಗಂಟೆ. ಅಲ್ಲಿವರೆಗೆ ದುಡಿದಿದ್ದೆಲ್ಲಾ ಸ್ಥಿರ ಖರ್ಚಿಗೇ ಸರಿಹೋಗುತ್ತೆ. ಮೊದಲ ವರ್ಷ 800 ಗಂಟೆ ಓಡಿಸಿದೆ. ಉಳಿದಿದ್ದು 4,00,000, ಸ್ಥಿರ ಖರ್ಚು ಕಳೆದು ಲಾಭ 1,00,000. ಖುಷಿಯಾಗಿದ್ದೆ.

800ರಿಂದ 600ಕ್ಕೆ ಇಳಿಯೋ ತನಕ ನಷ್ಟವಿಲ್ಲ. ಈ 200 ಗಂಟೆಯೇ ನನ್ನ ಸುರಕ್ಷತಾ ಅಂತರ, ಅಂದ್ರೆ ಮಾರ್ಜಿನ್ ಆಫ್ ಸೇಫ್ಟಿ. 800ರಲ್ಲಿ ಅದು 25 ಪರ್ಸೆಂಟ್. ಎರಡನೇ ವರ್ಷ ಮುಂಗಾರು ತಡವಾಯ್ತು, ಕೆಲಸ 30 ಪರ್ಸೆಂಟ್ ಕಡಿಮೆಯಾಗಿ 560 ಗಂಟೆಗೆ ಬಂತು. ಉಳಿದಿದ್ದು 2,80,000. ಕೈಯಿಂದ 20,000 ಹಾಕಿ ಕಂತು ಕಟ್ಟಿದೆ.

ನಮ್ಮೂರಲ್ಲೇ ನನ್ನ ಗೆಳೆಯನೊಬ್ಬ ಇದೇ ಕೆಲಸ ಮಾಡ್ತಾನೆ, ಆದರೆ ಗಾಡಿ ಅವನದ್ದಲ್ಲ. ಗಂಟೆಗೆ 850 ಕೊಟ್ಟು ಡ್ರೈವರ್, ಡೀಸೆಲ್ ಸಮೇತ ಬೇರೆಯವರ ಗಾಡಿ ಕರೆಸಿ ಕೆಲಸ ಮಾಡಿಸ್ತಾನೆ. ಅವನಿಗೆ ಗಂಟೆಗೆ ಉಳಿಯೋದು 150 ಮಾತ್ರ. ಆದರೆ ಅವನ ಸ್ಥಿರ ಖರ್ಚು ವರ್ಷಕ್ಕೆ ಬರೀ 20,000. 800 ಗಂಟೆಗೆ ಅವನಿಗೂ ಲಾಭ 1,00,000, ನನ್ನಷ್ಟೇ. 560 ಗಂಟೆಯ ವರ್ಷದಲ್ಲಿ? 84,000ದಲ್ಲಿ 20,000 ಕಳೆದು ಅವನ ಕೈಲಿ 64,000 ಉಳೀತು. ಮಳೆ ಒಂದೇ, ದರ ಒಂದೇ. ವ್ಯತ್ಯಾಸ ಬರೀ ಸ್ಥಿರ ಖರ್ಚಿನದ್ದು.

ಇದಕ್ಕೆ ಆಪರೇಟಿಂಗ್ ಲೆವರೇಜ್ ಅಂತಾರೆ. ಅಳೆಯೋದು ಸುಲಭ: ಸ್ಥಿರ ಖರ್ಚು ಕಳೆಯೋ ಮುಂಚಿನ ಉಳಿಕೆಯನ್ನ ಲಾಭದಿಂದ ಭಾಗಿಸಿ. 800 ಗಂಟೆಯಲ್ಲಿ ನನಗೆ 4,00,000 ಭಾಗಿಸು 1,00,000, ಅಂದ್ರೆ 4. ಗೆಳೆಯನಿಗೆ 1.2. ಕೆಲಸ 10 ಪರ್ಸೆಂಟ್ ಇಳಿದ್ರೆ ನನ್ನ ಲಾಭ 40 ಪರ್ಸೆಂಟ್ ಬೀಳುತ್ತೆ, ಅವನದ್ದು 12. ಏರಿದಾಗಲೂ ಹಾಗೇ: 960 ಗಂಟೆ ಓಡಿದ್ರೆ ನನಗೆ 1,80,000, ಅವನಿಗೆ 1,24,000. ಹಾಗಾಗಿ ಸ್ವಂತ ಗಾಡಿ ತಪ್ಪು ಅಂತಲ್ಲ. ಅದು ಏರಿಳಿತವನ್ನ ಎರಡೂ ಕಡೆ ದೊಡ್ಡದು ಮಾಡುತ್ತೆ, ಅಷ್ಟೇ.

ಈ 4 ಅನ್ನೋದು ಶಾಶ್ವತ ಅಲ್ಲ. 600 ಗಂಟೆಗೆ ಹತ್ರ ಬಂದಷ್ಟೂ ಅದು ಏರುತ್ತೆ. 660 ಗಂಟೆಯಲ್ಲಿ ಉಳಿಕೆ 3,30,000, ಲಾಭ 30,000, ಲೆವರೇಜ್ 11. ಅಲ್ಲಿಂದ ಒಂದೆರಡು ವಾರದ ಕೆಲಸ ತಪ್ಪಿದ್ರೂ ಲಾಭ ಹೋಯ್ತು.

ದರ ಇಳಿಸೋದು ಇನ್ನೂ ಕೆಟ್ಟದ್ದು. ಪೈಪೋಟಿಗೆ ಬಿದ್ದು ಬಾಡಿಗೆ 900 ಮಾಡಿದ್ರೆ, ಡೀಸೆಲ್ ಖರ್ಚು ಇಳಿಯಲ್ಲ. ಗಂಟೆಗೆ ಉಳಿಯೋದು 400 ಆಗುತ್ತೆ. 800 ಗಂಟೆ ಓಡಿಸಿದ್ರೂ ಲಾಭ 20,000 ಮಾತ್ರ, ನಷ್ಟ ತಪ್ಪಿಸೋಕೇ 750 ಗಂಟೆ ಬೇಕು.

ಈಗ ನಾನು ಬೇರೆ ಹುಡುಗರಿಗೆ ಹೇಳೋದು ಇಷ್ಟೇ. ಒಳ್ಳೆ ವರ್ಷದ ಗಂಟೆ ಹಿಡಿದು ಗಾಡಿ ತಗೋಬೇಡಿ. ನಿಮ್ಮೂರಲ್ಲಿ ಈಗಾಗಲೇ ಬಾಡಿಗೆ ಓಡಿಸೋರನ್ನ ಕೇಳಿ, ಮಳೆ ಕೈಕೊಟ್ಟ ವರ್ಷ ಎಷ್ಟು ಗಂಟೆ ಓಡ್ತು ಅಂತ. ನಷ್ಟವಿಲ್ಲದ ಗಂಟೆ ಅದಕ್ಕಿಂತ ಕೆಳಗಿರಬೇಕು. ಇಲ್ಲದಿದ್ರೆ ಮುಂಗಡ ಹೆಚ್ಚು ಕಟ್ಟಿ ಕಂತು ಇಳಿಸಿ, ಅಥವಾ ಅಣ್ಣತಮ್ಮಂದಿರು ಸೇರಿ ಒಂದೇ ಗಾಡಿ ತಗೊಳ್ಳಿ. ನನ್ನ ಸ್ಥಿರ ಖರ್ಚು 2,40,000 ಇದ್ದಿದ್ರೆ 480 ಗಂಟೆಗೇ ದಡ ಸೇರ್ತಿದ್ದೆ, ಆ ಕೆಟ್ಟ ವರ್ಷದಲ್ಲೂ 40,000 ಉಳೀತಿತ್ತು.

ಈಗ ನಾನು ಪ್ರತಿ ತಿಂಗಳ ಕೊನೆಗೆ ಗಾಡಿಯ ಅವರ್ ಮೀಟರ್ ಫೋಟೋ ತೆಗೆದು ಮೊಬೈಲಲ್ಲಿ ಇಟ್ಕೋತೀನಿ. 600 ಮುಟ್ಟೋಕೆ ಇನ್ನೆಷ್ಟು ಬಾಕಿ ಅಂತ ನೋಡದೆ ಬೇರೆ ಯಾವ ಸಾಲಕ್ಕೂ ಸಹಿ ಹಾಕಲ್ಲ.